ಮ್ಯಾನೇಜರಿಗೆ ಹಾಕಿದ ವಾಟ್ಸ್ಯಾಪ್ ಮೆಸೇಜನ್ನು ಮೇಲ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯ ಶಾಖೆ, ಗೋಡೌನ್, ಡಿಪೋಗಳಲ್ಲಿ ಕೆಲಸ ಮಾಡುವ ಎಷ್ಟೋ ಮಂದಿಯ ಮ್ಯಾನೇಜರ್ ಕೂತಿರುವುದು ಮಂಗಳೂರಿನಲ್ಲಿ. ದಿನದ ಮಾತುಕತೆ ವಾಟ್ಸ್ಯಾಪ್‌ನಲ್ಲೇ ಮುಗಿಯುತ್ತದೆ. "ಇದನ್ನೇ ಒಂದು ಮೇಲ್ ಹಾಕಿಬಿಡಿ" ಎಂದು ಅವರು ಹೇಳಿದಾಗ ತೊಡಕು ಶುರು. ಕೆಲವರು ಮೆಸೇಜನ್ನು ಹಾಗೆಯೇ ಅಂಟಿಸುತ್ತಾರೆ, ಕೆಲವರು ಅರ್ಜಿಯ ಭಾಷೆಗೆ ಏರಿ ಹೇಳಬೇಕಾದ ಮಾತನ್ನೇ ಕಳೆದುಕೊಳ್ಳುತ್ತಾರೆ.

ಕೆಳಗಿನ ಉತ್ತರಗಳಿಗೆಲ್ಲ ಒಂದೇ ಮೆಸೇಜ್ ಆಧಾರ. ಪಶು ಆಹಾರ ಮಾರುವ ಒಂದು ಕಂಪೆನಿಯ ಕುಂಬಳೆ ಗೋಡೌನಿನಿಂದ ಮಂಗಳೂರಿನ ಮ್ಯಾನೇಜರಿಗೆ, 2025ರ ನವೆಂಬರ್ 11, ಮಂಗಳವಾರ ರಾತ್ರಿ ಹೋದದ್ದು ಎಂದು ಇಟ್ಟುಕೊಳ್ಳಿ:

> ಸರ್ ನಾಳೆ ನಾನು ಇಲ್ಲ, ಅಮ್ಮನ ಕಣ್ಣಿನ ಆಪರೇಷನ್ ಮಂಗಳೂರಲ್ಲಿ. ನಾಡಿದ್ದು ನೋಡುವ. ಆ ಸ್ಟಾಕ್ ಶೀಟ್ ಮುಕ್ಕಾಲು ಆಗಿದೆ, ಬದಿಯಡ್ಕದ್ದು ಬರ್ಲಿಲ್ಲ, ಎರಡು ಸಲ ಕೇಳಿದೆ. ಮತ್ತೆ ಟೆಂಪೋದವರ ಬಿಲ್ ಒಂದು 18 ಉಂಟು, ಅದು ಪಾಸ್ ಆಗದಿದ್ರೆ ಶುಕ್ರವಾರ ಲೋಡಿಗೆ ಬರುದಿಲ್ಲಂತೆ. ಸ್ವಲ್ಪ ನೋಡಿ ಸರ್ 🙏

ವಾಟ್ಸ್ಯಾಪ್‌ನಲ್ಲಿ ಹೇಳಿ ಆಗಿದೆಯಲ್ಲ, ಮತ್ತೆ ಮೇಲ್ ಯಾಕೆ?

ಮ್ಯಾನೇಜರ್ ಅದನ್ನು ಇನ್ನೊಬ್ಬರಿಗೆ ಕಳಿಸಬೇಕಾಗಿರುವುದರಿಂದ. ರಜೆಯ ವಿಷಯ ಎಚ್‌ಆರ್‌ಗೆ ಹೋಗಬೇಕು, ಬಿಲ್ಲಿನ ವಿಷಯ ಅಕೌಂಟ್ಸ್‌ಗೆ. ಅಲ್ಲಿ ಓದುವವರಿಗೆ ನೀವು ಯಾರು, "ಆ ಶೀಟ್" ಯಾವುದು, ಟೆಂಪೋದವರು ಯಾರು ಎಂಬುದೊಂದೂ ಗೊತ್ತಿಲ್ಲ. ಆದ್ದರಿಂದ ಮೇಲ್ ಬರೆಯುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇಬ್ಬರನ್ನು: ಮೊದಲು ಓದುವ ಮ್ಯಾನೇಜರನ್ನು, ಆಮೇಲೆ ಅದೇ ಮೇಲ್ ತಲುಪುವ ಅಪರಿಚಿತರನ್ನು.

ಎಲ್ಲಿಂದ ಶುರು ಮಾಡಬೇಕು?

ಮೇಲ್ ತೆರೆಯುವುದಕ್ಕೆ ಮುಂಚೆ ಮೆಸೇಜನ್ನು ಬಿಡಿಸಿ. ಅದರಲ್ಲಿರುವ ಒಂದೊಂದು ಸಂಗತಿಯನ್ನೂ ಒಂದೊಂದು ಸಾಲಾಗಿ ಚೀಟಿಯಲ್ಲಿ ಬರೆಯಿರಿ. ಮೇಲಿನ ಮೆಸೇಜಿನಲ್ಲಿ ಇಷ್ಟಿದೆ: ನಾಳೆ ರಜೆ, ಅದರ ಕಾರಣ, ನಾಡಿದ್ದಿನ ಅನಿಶ್ಚಿತತೆ, ಶೀಟ್ ಎಷ್ಟಾಗಿದೆ ಎಂಬುದು, ಬದಿಯಡ್ಕದ ಲೆಕ್ಕ ಬಾಕಿ, ಅದನ್ನು ಎರಡು ಸಲ ಕೇಳಿದ್ದು, ಬಾಕಿ ಬಿಲ್, ಶುಕ್ರವಾರದ ಲೋಡಿಗೆ ಇರುವ ಅಪಾಯ, ಕೊನೆಗೊಂದು ವಿನಂತಿ. ಮೇಲ್ ಮುಗಿದ ಮೇಲೆ ಈ ಚೀಟಿಯನ್ನೇ ಹಿಡಿದು ತಾಳೆ ನೋಡಬೇಕು. ಚೀಟಿಯಲ್ಲಿದ್ದದ್ದು ಮೇಲ್‌ನಲ್ಲಿ ಇಲ್ಲದಿದ್ದರೆ ಏನೋ ಬಿಟ್ಟುಹೋಗಿದೆ. ಚೀಟಿಯಲ್ಲಿ ಇಲ್ಲದ್ದು ಮೇಲ್‌ನಲ್ಲಿ ಕಂಡರೆ ನೀವು ಸೇರಿಸಿದ್ದೀರಿ, ಮತ್ತು ಅದು ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು. ಬಿಟ್ಟದ್ದನ್ನು ಮ್ಯಾನೇಜರ್ ಕೇಳಿಯಾರು. ನೀವು ಕೊಡದೇ ಇದ್ದ ಮಾತು ಮೇಲ್‌ನಲ್ಲಿ ಕೂತುಬಿಟ್ಟರೆ ನಾಳೆ ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಹಾಕಬಹುದಾ?

ಈ ಮೆಸೇಜಿಗೆ ಎರಡು ಮೇಲ್ ಬೇಕು. ವಿಷಯ ಎಷ್ಟಿದೆ ಎಂದು ಎಣಿಸಿ ಹೀಗೆ ಹೇಳುತ್ತಿಲ್ಲ, ಮೇಲ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಹೇಳುವುದು. ಒಂದರಲ್ಲೇ ಬರೆದರೆ ಬಿಲ್ ಪಾಸ್ ಮಾಡಿಸಲು ಮ್ಯಾನೇಜರ್ ಅದನ್ನು ಅಕೌಂಟ್ಸ್‌ಗೆ ಫಾರ್ವರ್ಡ್ ಮಾಡುತ್ತಾರೆ, ಜೊತೆಗೆ ನಿಮ್ಮ ಅಮ್ಮನ ಆಪರೇಷನ್ ಸುದ್ದಿಯೂ ಅಲ್ಲಿಗೆ ಹೋಗುತ್ತದೆ. ಇನ್ನೊಂದು ತೊಂದರೆ, ಅವರು ರಜೆಗೆ "ಸರಿ" ಎಂದು ಒಂದೇ ಪದದ ಉತ್ತರ ಕೊಟ್ಟರೆ ಅದು ಬಿಲ್ಲಿಗೂ ಸರಿಯೋ ಅಲ್ಲವೋ ತಿಳಿಯುವುದಿಲ್ಲ. ಟೆಂಪೋದವರ ಹತ್ತಿರ ಏನು ಹೇಳುವುದು?

ಸ್ಟಾಕ್ ಶೀಟಿನ ಮಾತು ರಜೆಯ ಮೇಲ್‌ಗೇ ಸೇರಲಿ. ನೀವಿಲ್ಲದ ದಿನ ಆ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂಬುದು ರಜೆಯ ಜೊತೆಗೇ ಕೇಳುವ ಪ್ರಶ್ನೆ.

ಹಾಗಾದರೆ ಎರಡೂ ಮೇಲ್ ಹೇಗಿರಬೇಕು? ಪೂರ್ತಿ ತೋರಿಸಿ.

ಮೊದಲನೆಯದು:

> Subject: ನ. 12 ಬುಧವಾರ ರಜೆ ಕೋರಿಕೆ, ಸ್ಟಾಕ್ ಶೀಟಿನ ಸ್ಥಿತಿ
>
> ನಮಸ್ಕಾರ ಸರ್,
>
> ನಾಳೆ, ನವೆಂಬರ್ 12 ಬುಧವಾರ, ನನಗೆ ರಜೆ ಬೇಕಾಗಿದೆ. ಅಮ್ಮನಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಇದೆ. ಗುರುವಾರ, 13ರಂದು ಕೆಲಸಕ್ಕೆ ಬರಲು ಆಗುತ್ತದೋ ಇಲ್ಲವೋ ಈಗಲೇ ಹೇಳಲಾಗುತ್ತಿಲ್ಲ.
>
> ಅಕ್ಟೋಬರ್ ತಿಂಗಳ ಸ್ಟಾಕ್ ಶೀಟಿನಲ್ಲಿ ನಾಲ್ಕು ಡಿಪೋಗಳ ಪೈಕಿ ಮೂರರ ಲೆಕ್ಕ ಸೇರಿಸಿ ಆಗಿದೆ. ಬದಿಯಡ್ಕ ಡಿಪೋದ ಲೆಕ್ಕ ಇನ್ನೂ ಬಂದಿಲ್ಲ. ನವೆಂಬರ್ 7 ಮತ್ತು 10ರಂದು ಫೋನ್ ಮಾಡಿ ಕೇಳಿದ್ದೇನೆ.
>
> ಇಂತಿ,
> (ಹೆಸರು)
> ಸ್ಟೋರ್ ಅಸಿಸ್ಟೆಂಟ್, ಕುಂಬಳೆ ಗೋಡೌನ್

ಎರಡನೆಯದು:

> Subject: ಮಂಜೂರಾತಿ ಬೇಕು: ಟೆಂಪೋ ಬಿಲ್ ₹18,400, ನ. 14ರ ಲೋಡಿಗೆ ಮೊದಲು
>
> ನಮಸ್ಕಾರ ಸರ್,
>
> ಕುಂಬಳೆ ಗೋಡೌನಿನ ಟೆಂಪೋ ಬಾಡಿಗೆ ಬಿಲ್ ₹18,400 ಪಾಸ್ ಆಗಲು ಬಾಕಿ ಇದೆ. ನವೆಂಬರ್ 14 ಶುಕ್ರವಾರದ ಲೋಡಿಗೆ ಮೊದಲು ಇದನ್ನು ಮಂಜೂರು ಮಾಡಿಕೊಡಬೇಕಾಗಿ ವಿನಂತಿ.
>
> ಬಿಲ್ ಪಾಸ್ ಆಗದಿದ್ದರೆ ಶುಕ್ರವಾರ ಲೋಡಿಗೆ ಬರುವುದಿಲ್ಲ ಎಂದು ಟೆಂಪೋದವರು ಹೇಳಿದ್ದಾರೆ.
>
> ಇಂತಿ,
> (ಹೆಸರು)
> ಸ್ಟೋರ್ ಅಸಿಸ್ಟೆಂಟ್, ಕುಂಬಳೆ ಗೋಡೌನ್

ಮೇಲ್‌ನಲ್ಲಿ ಕಾಣುವ ಕೆಲವು ವಿವರ ಮೆಸೇಜಿನಲ್ಲಿ ಇರಲಿಲ್ಲ: ಅಕ್ಟೋಬರ್, ನಾಲ್ಕರಲ್ಲಿ ಮೂರು ಡಿಪೋ, ಫೋನ್ ಮಾಡಿದ ತಾರೀಕು, ಬಿಲ್ಲಿನ ಸರಿಯಾದ ಮೊತ್ತ. ಇವು ಹೊಸ ಸಂಗತಿಗಳಲ್ಲ. ಮೆಸೇಜು ಬೆರಳು ತೋರಿಸಿ ಹೇಳಿದ್ದನ್ನೇ ಹೆಸರಿಟ್ಟು ಹೇಳಿದ್ದು. ಶೀಟ್, ಬಿಲ್, ಫೋನಿನ ಕಾಲ್ ಪಟ್ಟಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಬರೆಯಬೇಕು. ತಾರೀಕು ಸಿಗಲಿಲ್ಲವಾದರೆ "ಎರಡು ಬಾರಿ ಕೇಳಿದ್ದೇನೆ" ಎಂದೇ ಬಿಡಿ.

"ನಾಡಿದ್ದು ನೋಡುವ" ಎಂಬುದನ್ನು "ಗುರುವಾರ ಹಾಜರಾಗಲು ಪ್ರಯತ್ನಿಸುತ್ತೇನೆ" ಎಂದು ಬರೆದರೆ ಚೆನ್ನಾಗಿ ಕಾಣುವುದಿಲ್ಲವೇ?

ಚೆನ್ನಾಗಿ ಕಾಣುತ್ತದೆ, ಆದರೆ ಅರ್ಥ ಬೇರೆ ಆಗುತ್ತದೆ. ನಮ್ಮ ಕಡೆ "ನೋಡುವ" ಎಂದರೆ ಬರಲೂಬಹುದು, ಬರದೆಯೂ ಇರಬಹುದು, ಈಗ ಗೊತ್ತಿಲ್ಲ. "ಪ್ರಯತ್ನಿಸುತ್ತೇನೆ" ಎಂದು ಓದಿದ ಮ್ಯಾನೇಜರ್ ನೀವು ಬರುತ್ತೀರಿ ಎಂದೇ ಲೆಕ್ಕ ಹಾಕಿ ಗುರುವಾರದ ಕೆಲಸವನ್ನು ನಿಮ್ಮ ಹೆಸರಿಗೆ ಇಟ್ಟುಬಿಡುತ್ತಾರೆ. ಇನ್ನೊಂದು ತುದಿಯಲ್ಲಿ "12 ಮತ್ತು 13 ಎರಡು ದಿನ ರಜೆ ಬೇಕು" ಎಂದು ಬರೆಯುವವರೂ ಇದ್ದಾರೆ. ಆಗ ನೀವು ಕೇಳದೇ ಇದ್ದ ಒಂದು ರಜೆ ನಿಮ್ಮ ಲೆಕ್ಕದಿಂದ ಹೋಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುವುದು ಸರಿ.

ನೀವೇ ಕಳಿಸುವವರಾದರೆ ಒಂದು ಮಾತು ಸೇರಿಸಲು ಅಡ್ಡಿಯಿಲ್ಲ: "ಬುಧವಾರ ಸಂಜೆ 6 ಗಂಟೆಯ ಒಳಗೆ ತಿಳಿಸುತ್ತೇನೆ." ಇದು ಹೊಸ ವಾಗ್ದಾನ, ಆಸ್ಪತ್ರೆಯಲ್ಲಿದ್ದೂ ಫೋನ್ ಮಾಡಲು ಆಗುತ್ತದೆ ಎಂದಿದ್ದರೆ ಮಾತ್ರ ಹಾಕಿ. ಬೇರೆಯವರ ಮೆಸೇಜನ್ನು ಬರೆದುಕೊಡುವವರು ತಾವಾಗಿಯೇ ಈ ಸಾಲನ್ನು ಸೇರಿಸುವಂತಿಲ್ಲ.

"ಬರುದಿಲ್ಲಂತೆ" ಎಂಬುದರ "ಅಂತೆ" ಮೇಲ್‌ನಲ್ಲಿ ಏನಾಗುತ್ತದೆ?

ಅದು ಬಿಟ್ಟುಹೋದರೆ ಇಡೀ ಎರಡನೇ ಮೇಲ್ ಸುಳ್ಳಾಗುತ್ತದೆ. "ಶುಕ್ರವಾರ ಟೆಂಪೋ ಬರುವುದಿಲ್ಲ" ಎಂದು ಬರೆದರೆ ಅದು ನಿಮ್ಮ ಮಾತು, ತೀರ್ಮಾನವಾಗಿ ಹೋದ ಸಂಗತಿ. ನೀವು ಹೇಳಿದ್ದು ಹಾಗಲ್ಲ, ಇನ್ನೊಬ್ಬರು ಹೇಳಿದ್ದನ್ನು ಮುಟ್ಟಿಸಿದ್ದು. ಮಾತಿನಲ್ಲಿ ಒಂದು "ಅಂತೆ" ಈ ಕೆಲಸ ಮಾಡುತ್ತದೆ. ಮೇಲ್‌ನಲ್ಲಿ ಹೇಳಿದವರು ಯಾರು ಎಂದು ಬರೆಯಬೇಕು: "ಎಂದು ಟೆಂಪೋದವರು ಹೇಳಿದ್ದಾರೆ." ಡ್ರೈವರ್ ಹೇಳಿದ್ದೋ ಮಾಲೀಕರು ಹೇಳಿದ್ದೋ ಗೊತ್ತಿದ್ದರೆ ಅದನ್ನೇ ಬರೆಯಿರಿ. ಡ್ರೈವರ್ ಬೇಸರದಲ್ಲಿ ಆಡಿದ ಮಾತಿಗೂ ಮಾಲೀಕರ ಮಾತಿಗೂ ಮ್ಯಾನೇಜರ್ ಕೊಡುವ ತೂಕ ಬೇರೆ.

ಇದೇ ಜಾತಿಯ ಇನ್ನೊಂದು ಎಡವಟ್ಟು "ಬದಿಯಡ್ಕದ್ದು ಬರ್ಲಿಲ್ಲ." ಇಲ್ಲಿ ನಾವು ಹಾಗೆ ಹೇಳುವಾಗ ಇನ್ನೂ ಬಂದಿಲ್ಲ, ಬರಲಿಕ್ಕುಂಟು ಎಂದು ಅರ್ಥ. ಘಟ್ಟದ ಮೇಲಿನವರು "ಬರಲಿಲ್ಲ" ಎಂದು ಓದಿದರೆ ಅಲ್ಲಿಗೆ ಮುಗಿಯಿತು ಎಂದುಕೊಂಡಾರು. "ಇನ್ನೂ ಬಂದಿಲ್ಲ" ಎಂದರೆ ಎಲ್ಲರಿಗೂ ಒಂದೇ. "ಅವರು ಕೊಡುತ್ತಿಲ್ಲ" ಎಂದು ಮಾತ್ರ ಬರೆಯಬೇಡಿ, ಅದು ದೂರು ಆಗುತ್ತದೆ. ಮೆಸೇಜಿನಲ್ಲಿ ದೂರು ಇರಲಿಲ್ಲ.

ಕೊನೆಯ "ಸ್ವಲ್ಪ ನೋಡಿ ಸರ್" ಎಂಬುದನ್ನು ಎಲ್ಲಿ ಹಾಕುವುದು?

ಮೇಲ್ ಆಗುವಾಗ ಅತಿ ಹೆಚ್ಚು ಯೋಚನೆ ಕೇಳುವ ಮಾತು ಇದೇ. ಏನನ್ನು ನೋಡಬೇಕು? ರಜೆಯನ್ನೋ, ಬದಿಯಡ್ಕದವರನ್ನೋ, ಬಿಲ್ಲನ್ನೋ? ಮೆಸೇಜಿನಲ್ಲಿ ಅದು ಬಿಲ್ಲಿನ ಮಾತಿನ ಬೆನ್ನಿಗೇ ಬಂದಿದೆ, ಶುಕ್ರವಾರದ ತುರ್ತೂ ಅಲ್ಲೇ ಇದೆ. ಹಾಗಾಗಿ ವಿನಂತಿ ಬಿಲ್ಲಿನ ಬಗ್ಗೆ ಎಂದು ಹಿಡಿಯುವುದು ನ್ಯಾಯ. ಅದಕ್ಕೇ ಎರಡನೇ ಮೇಲ್‌ನಲ್ಲಿ "ಮಂಜೂರು ಮಾಡಿಕೊಡಬೇಕಾಗಿ ವಿನಂತಿ" ಎಂದು ಬಿಡಿಸಿ ಬರೆದದ್ದು, Subject ಸಾಲಿನಲ್ಲೂ ಅದನ್ನೇ ಮೊದಲು ಇಟ್ಟದ್ದು.

ಬದಿಯಡ್ಕ ಡಿಪೋಗೆ ಮ್ಯಾನೇಜರ್ ಒಂದು ಮಾತು ಹೇಳಲಿ ಎಂಬುದು ನಿಮ್ಮ ಮನಸ್ಸಿನಲ್ಲಿ ನಿಜವಾಗಿ ಇದ್ದರೆ ಮೊದಲ ಮೇಲ್‌ಗೆ "ತಾವೂ ಒಮ್ಮೆ ಅವರಿಗೆ ತಿಳಿಸಿದರೆ ಅನುಕೂಲ" ಎಂಬ ಸಾಲು ಸೇರಲಿ. ಇರದಿದ್ದರೆ ಬೇಡ. ಎರಡು ಸಲ ಕೇಳಿದ್ದೇನೆ ಎಂದರೆ ಸಾಕು, ಮುಂದಿನದು ಅವರ ತೀರ್ಮಾನ.

ಗಡುವಿನ ವಿಷಯದಲ್ಲೂ ಇದೇ ಎಚ್ಚರ ಬೇಕು. "ಗುರುವಾರ ಸಂಜೆಯೊಳಗೆ ಪಾಸ್ ಮಾಡಿ" ಎಂದು ಬರೆಯಲು ಕೈ ಹೋಗುತ್ತದೆ. ಮೆಸೇಜಿನಲ್ಲಿ ಇದ್ದದ್ದು ಶುಕ್ರವಾರದ ಲೋಡ್ ಮಾತ್ರ. "14ರ ಲೋಡಿಗೆ ಮೊದಲು" ಎಂದರೆ ಮ್ಯಾನೇಜರಿಗೆ ಕಾರಣವೂ ಗಡುವೂ ಒಟ್ಟಿಗೇ ಸಿಗುತ್ತವೆ.

ನಾಳೆ, ನಾಡಿದ್ದು ಎಂದು ಬರೆದರೆ ಏನು ತೊಂದರೆ?

ಮೇಲ್ ರಾತ್ರಿ 11:50ಕ್ಕೆ ಹೋಗಿ, ಮ್ಯಾನೇಜರ್ ಬೆಳಿಗ್ಗೆ ಆಫೀಸಿಗೆ ಬಂದು ಅದನ್ನು ತೆರೆದರೆ ಅವರ "ನಾಳೆ" ಗುರುವಾರ ಆಗಿರುತ್ತದೆ. ಬುಧವಾರ ನೀವು ಯಾಕೆ ಬಂದಿಲ್ಲ ಎಂದು ಫೋನ್ ಬರುತ್ತದೆ. ತಾರೀಕಿನ ಜೊತೆ ವಾರವನ್ನೂ ಬರೆಯಿರಿ. ತಾರೀಕು ತಪ್ಪಿ ಬಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ. 12/11 ಎಂಬ ರೂಪವೂ ಬೇಡ. ಕೆಲವು ಕಂಪ್ಯೂಟರುಗಳಲ್ಲಿ ತಿಂಗಳು ಮೊದಲು ಬರುವ ಕ್ರಮ ಇರುವುದರಿಂದ ಅದನ್ನು ಡಿಸೆಂಬರ್ 11 ಎಂದು ಓದುವವರಿದ್ದಾರೆ.

ಗಡಿಯ ಈಚೆ ಇರುವವರು ಹಬ್ಬದ ಮಾತಿನಲ್ಲಿ ಇನ್ನೂ ಹುಷಾರಾಗಿರಬೇಕು. "ಹಬ್ಬ ಕಳೆದ ಮರುದಿನ ಕಳಿಸುತ್ತೇನೆ" ಎಂದರೆ ತಲಪಾಡಿಯ ಆಚೆಗೂ ಈಚೆಗೂ ಒಂದೇ ದಿನ ಬರುವುದಿಲ್ಲ. ದೀಪಾವಳಿಗೆ ಕರ್ನಾಟಕದಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಸರಕಾರಿ ರಜೆ, ಕೇರಳದಲ್ಲಿ ದೀಪಾವಳಿ ಒಂದೇ ದಿನ. ಓಣಂಗೆ ನಮ್ಮಲ್ಲಿ ಸಾಲು ರಜೆ, ಮಂಗಳೂರಿನ ಆಫೀಸು ತೆರೆದೇ ಇರುತ್ತದೆ. ನವೆಂಬರ್ 1ರಂದು ರಾಜ್ಯೋತ್ಸವಕ್ಕೆ ಅಲ್ಲಿ ರಜೆ, ಇಲ್ಲಿ ಅದೇ ದಿನ ಕೇರಳ ಪಿರವಿ ಆದರೂ ಸರಕಾರಿ ರಜೆ ಇಲ್ಲ. ಹಬ್ಬದ ಹೆಸರು ಹೇಳಿ ದಿನ ಸೂಚಿಸುವ ಪದ್ಧತಿಯನ್ನು ಮೇಲ್‌ನಲ್ಲಿ ಪೂರ್ತಿ ಬಿಡುವುದೇ ಒಳ್ಳೆಯದು.

"ಒಂದು 18 ಉಂಟು" ಎಂಬುದಕ್ಕೆ 18,000 ಎಂದು ಬರೆಯಬಹುದಾ?

ಬಿಲ್ ಕೈಯಲ್ಲಿದ್ದರೆ ಅದರಲ್ಲಿರುವ ಮೊತ್ತವನ್ನೇ ಬರೆಯಿರಿ, ನಮ್ಮ ಉದಾಹರಣೆಯಲ್ಲಿ ₹18,400. ಬಿಲ್ ಹತ್ತಿರ ಇಲ್ಲದಿದ್ದರೆ "ಸುಮಾರು ₹18,000" ಎಂದು ಬರೆಯಿರಿ. "ಸುಮಾರು" ಬಿಟ್ಟು ₹18,000 ಎಂದರೆ ಅಕೌಂಟ್ಸ್‌ನವರು ಮೇಲ್‌ನ ಮೊತ್ತವನ್ನೂ ಬಿಲ್ಲಿನ ಮೊತ್ತವನ್ನೂ ತಾಳೆ ನೋಡಿ ವಾಪಸ್ ಕಳಿಸುತ್ತಾರೆ, ಶುಕ್ರವಾರ ಅಲ್ಲೇ ಕಳೆಯುತ್ತದೆ. "ಮುಕ್ಕಾಲು ಆಗಿದೆ" ಎಂಬುದೂ ಇದೇ ರೀತಿ. ಮುಕ್ಕಾಲು ಎಂದರೆ ನಾಲ್ಕರಲ್ಲಿ ಮೂರು ಡಿಪೋ ಎಂದಿದ್ದರೆ ಹಾಗೆ ಬರೆಯಿರಿ, ಅಂದಾಜಿಗೆ ಹೇಳಿದ್ದಾದರೆ "ಸುಮಾರು ಮುಕ್ಕಾಲು ಭಾಗ" ಎಂದೇ ಇರಲಿ.

"ಮಾನ್ಯರೇ", "ತಮ್ಮ ವಿಧೇಯ" ಎಲ್ಲ ಬೇಡವೇ?

ದಿನಾ ಮಾತಾಡುವ ಮ್ಯಾನೇಜರಿಗೆ "ನಮಸ್ಕಾರ ಸರ್" ಅಥವಾ "ನಮಸ್ಕಾರ ಮೇಡಂ" ಸಾಕು. "ಮಾನ್ಯರೇ" ಎಂದು ಶುರು ಮಾಡಿದ ಕೈ ತಾನಾಗಿ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಮುಂದುವರಿಯುತ್ತದೆ, ರಜೆಯ ತಾರೀಕು ಮೂರನೇ ಸಾಲಿಗೆ ಇಳಿಯುತ್ತದೆ. ಮೇಲ್‌ನ ಮೊದಲ ವಾಕ್ಯದಲ್ಲೇ ವಿಷಯ ಸಿಗಬೇಕು. ಗೌರವ ತೋರಿಸಲು "ಸರ್", "ತಾವು", "ಮಾಡಿಕೊಡಬೇಕಾಗಿ ವಿನಂತಿ" ಇಷ್ಟು ಧಾರಾಳ. ಪ್ರತಿ ವಾಕ್ಯದ ಕೊನೆಗೂ "ಸರ್" ಬೇಡ, ಮಾತಿನಲ್ಲಿ ಅದು ಸಲೀಸು, ಬರಹದಲ್ಲಿ ಬೇಡಿಕೊಂಡ ಹಾಗೆ ಆಗುತ್ತದೆ.

ಆಪರೇಷನ್, ಬಿಲ್, ಲೋಡ್, ಸ್ಟಾಕ್ ಶೀಟ್ ಇವನ್ನು ಬದಲಿಸಬೇಕಿಲ್ಲ. "ದಾಸ್ತಾನು ತಖ್ತೆ" ಎಂದು ಬರೆದರೆ ಯಾವ ಫೈಲ್ ಎಂದು ಮ್ಯಾನೇಜರೇ ಹುಡುಕಬೇಕಾದೀತು. ಆಫೀಸಿನಲ್ಲಿ ಆ ಫೈಲನ್ನು ಏನೆಂದು ಕರೆಯುತ್ತಾರೋ ಅದೇ ಹೆಸರು ಮೇಲ್‌ನಲ್ಲೂ ಇರಲಿ. ಬದಲಾಗಬೇಕಾದದ್ದು "ಆಗದಿದ್ರೆ", "ಬರುದಿಲ್ಲ" ಎಂಬ ಆಡುಮಾತಿನ ರೂಪಗಳು ಮಾತ್ರ. ಕೈಮುಗಿದ ಇಮೋಜಿಯ ಕೆಲಸವನ್ನು "ವಿನಂತಿ" ಮಾಡುತ್ತದೆ, ಹಾಗಾಗಿ ಅದನ್ನು ಬಿಟ್ಟರೆ ನಷ್ಟವಿಲ್ಲ.

ಮ್ಯಾನೇಜರಿಗೆ ಕನ್ನಡ ಓದಲು ಬರುವುದಿಲ್ಲ. ಆಗ?

ಆಫೀಸಿನ ಮೇಲ್ ನಡೆಯುವ ಭಾಷೆಯಲ್ಲಿ, ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ ಬರೆಯಿರಿ. ಚೀಟಿಯ ಕೆಲಸ ಮಾತ್ರ ಕನ್ನಡದಲ್ಲೇ ಮುಗಿಯಲಿ. ಏನು ಖಚಿತ, ಏನು ಕೇಳಿದ ಮಾತು, ಏನು ಕೋರಿಕೆ ಎಂಬುದು ಮೊದಲೇ ಬೇರ್ಪಟ್ಟಿದ್ದರೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯ ಸಾಕು. "ನೋಡುವ", "ಅಂತೆ" ಎರಡನ್ನೂ ಮರೆತು ಬರೆಯುವ ಅಪಾಯ ಅಲ್ಲಿ ಹೆಚ್ಚು.

Cc ಯಾರಿಗೆ ಹಾಕಬೇಕು?

ಯಾರಿಗೂ ಬೇಡ. ಮೆಸೇಜು ಹೋದದ್ದು ಮ್ಯಾನೇಜರ್ ಒಬ್ಬರಿಗೆ, ಮೇಲ್ ಕೂಡ ಅವರೊಬ್ಬರಿಗೇ ಹೋಗಲಿ. ಬದಿಯಡ್ಕ ಡಿಪೋವನ್ನು Cc ಹಾಕಿದರೆ ಸ್ಥಿತಿ ಹೇಳಿದ ವಾಕ್ಯ ದೂರಾಗಿ ಬಿಡುತ್ತದೆ. ಅಕೌಂಟ್ಸ್‌ನವರನ್ನು ಹಾಕಿದರೆ ಮ್ಯಾನೇಜರ್ ತೀರ್ಮಾನಿಸುವ ಮೊದಲೇ ಬಿಲ್ ಅಲ್ಲಿಗೆ ತಲುಪಿದ ಹಾಗಾಗುತ್ತದೆ. ಇಂಥವರಿಗೆ Cc ಹಾಕಲೇಬೇಕು ಎಂಬ ನಿಯಮ ಆಫೀಸಿನಲ್ಲಿದ್ದರೆ ಅದನ್ನು ಪಾಲಿಸಿ.

ಮೆಸೇಜನ್ನು ಕಾಪಿ ಮಾಡಿ ಅಂಟಿಸಿ ಆಮೇಲೆ ತಿದ್ದಬಹುದಾ?

ತಿದ್ದಬಹುದು, ಕೆಲವು ಗುರುತು ಉಳಿದುಬಿಡುತ್ತವೆ ಎಂಬುದು ನೆನಪಿರಲಿ. ಹಲವು ಮೆಸೇಜುಗಳನ್ನು ಒಟ್ಟಿಗೆ ಆರಿಸಿ ಕಾಪಿ ಮಾಡಿದರೆ ಪ್ರತಿಯೊಂದರ ಮುಂದೆ ತಾರೀಕು, ಸಮಯ, ಕಳಿಸಿದವರ ಹೆಸರು ಬರುತ್ತವೆ. ವಾಟ್ಸ್ಯಾಪ್‌ನಲ್ಲಿ ಅಕ್ಷರ ದಪ್ಪ ಮಾಡಲು ಹಾಕಿದ ನಕ್ಷತ್ರ ಚಿಹ್ನೆ ಮೇಲ್‌ನಲ್ಲಿ ಬರೀ ನಕ್ಷತ್ರವಾಗಿ ಕಾಣಬಹುದು.

ಬಿಲ್ಲಿನ ಫೋಟೋವನ್ನು ಮೆಸೇಜಿನ ಜೊತೆ ಹಾಕಿದ್ದರೆ ಮೇಲ್‌ಗೂ ಲಗತ್ತಿಸಿ, ಆದರೆ ವಾಟ್ಸ್ಯಾಪ್‌ನಿಂದ ಇಳಿಸಿದ ಪ್ರತಿ ಬೇಡ. ಫೋಟೋವಾಗಿ ಹೋದದ್ದು ಅಲ್ಲಿ ಕುಗ್ಗಿರುತ್ತದೆ, ಬಿಲ್ ನಂಬರ್ ಮಸುಕಾಗುತ್ತದೆ. ಗ್ಯಾಲರಿಯ ಮೂಲ ಫೋಟೋ ಅಥವಾ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿ. ಲಗತ್ತಿಸಿದ ಮೇಲೆ "ಬಿಲ್ ಲಗತ್ತಿಸಿದ್ದೇನೆ" ಎಂಬ ಸಾಲು ಬರೆಯಿರಿ, ಬರೆದ ಮೇಲೆ ಫೈಲ್ ನಿಜಕ್ಕೂ ಅಲ್ಲಿದೆಯೇ ನೋಡಿ.

ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಮ್ಯಾನೇಜರಿಗೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಬರೆದದ್ದಕ್ಕೆ ಈ ತೊಂದರೆ ಇಲ್ಲ.

ಜೊತೆಗೆ ಕೆಲಸ ಮಾಡುವವರು ತಮ್ಮ ಮೆಸೇಜನ್ನು ಮೇಲ್ ಮಾಡಿಕೊಡಿ ಎಂದರೆ?

ಗೊತ್ತಿಲ್ಲದ ಜಾಗವನ್ನು ಖಾಲಿ ಬಿಟ್ಟು ಅವರನ್ನೇ ಕೇಳಿ: "ಅಣ್ಣ, ಬಿಲ್ ಸರಿಯಾಗಿ ಎಷ್ಟರದ್ದು? ಬದಿಯಡ್ಕಕ್ಕೆ ಯಾವತ್ತು ಫೋನ್ ಮಾಡಿದ್ದು? ಸ್ವಲ್ಪ ನೋಡಿ ಅಂದದ್ದು ಬಿಲ್ಲಿಗೆ ತಾನೆ?" ಮೂರು ಪ್ರಶ್ನೆಗೆ ಉತ್ತರ ಬಂದರೆ ಮೇಲ್ ಪೂರ್ತಿಯಾಗುತ್ತದೆ. ಕಳಿಸುವ ಮುಂಚೆ ಅವರಿಗೆ ಓದಿ ಹೇಳಿ, ಅವರದೇ ಐಡಿಯಿಂದ ಹೋಗಲಿ.

ಮೇಲ್ ಹೋದ ಮೇಲೆ ವಾಟ್ಸ್ಯಾಪ್‌ನಲ್ಲಿ ಮತ್ತೆ ಹೇಳಬೇಕಾ?

ರಾತ್ರಿ ಕಳಿಸಿದ್ದಾದರೆ ಹೇಳಬೇಕು. ರಜೆ ಮರುದಿನದ್ದು, ಮ್ಯಾನೇಜರ್ ಮೇಲ್ ನೋಡುವುದು ಬೆಳಿಗ್ಗೆ. ಅದೇ ವಿಷಯವನ್ನು ಮತ್ತೆ ವಿವರಿಸಬೇಡಿ, ವಿವರ ಎರಡು ಕಡೆ ಇದ್ದರೆ ಎರಡು ರೀತಿ ಆಗುತ್ತದೆ. ಇಷ್ಟು ಸಾಕು: "ಸರ್, ನಾಳೆ 12ರ ರಜೆಗೆ ಒಂದು, ಟೆಂಪೋ ಬಿಲ್ಲಿಗೆ ಒಂದು, ಎರಡು ಮೇಲ್ ಕಳಿಸಿದ್ದೇನೆ."